ಇಪ್ಪತ್ತು ಸಾಲು ತೆಗೆದ ಮೇಲೆ

ಕೆಟ್ಟ ಪದ್ಯಗಳ ಬಗ್ಗೆ ಬರೆಯೋದರಲ್ಲಿ ಯಾರಿಗೂ ಲಾಭ ಇಲ್ಲ. ನನಗೆ ಕುತೂಹಲ ಇರೋದು ಇನ್ನೊಂದು ಜಾತಿಯ ಪದ್ಯದ ಬಗ್ಗೆ: ಒಳಗೆ ಎರಡೋ ಮೂರೋ ಸಾಲು ಜೀವಂತ ಇದ್ದು, ಸುತ್ತ ಇಪ್ಪತ್ತು ಸಾಲು ಅದರ ಮೇಲೆ ಕೂತು ಉಸಿರು ಕಟ್ಟಿಸುತ್ತಿರುವ ಪದ್ಯ. ನಮ್ಮಲ್ಲಿ ಇಂಥವು ಬೇಕಾದಷ್ಟಿವೆ. ವಿಶೇಷಾಂಕ ತೆಗೆದರೆ ಸಿಗುತ್ತವೆ, ದಸರಾ ಕವಿಗೋಷ್ಠಿಗೆ ಹೋದರೆ ಸಿಗುತ್ತವೆ. ಕೂತು ಕಳೆ ಕಿತ್ತರೆ ಒಳಗಿಂದ ಪೈರು ಕಾಣುತ್ತೆ.

ಅಂಥದ್ದೊಂದು ಪದ್ಯವನ್ನು ಇಲ್ಲಿ ಪೂರ್ತಿ ಕೊಡುತ್ತಿದ್ದೇನೆ. ಬರೆದವನು ನನ್ನ ಪಿಯುಸಿ ಗೆಳೆಯ, ಈಗ ಮೇಷ್ಟ್ರು. ಹೆಸರು ಹಾಕಬೇಡ, ಪದ್ಯ ಏನು ಬೇಕಾದ್ರೂ ಮಾಡ್ಕೋ ಅಂದಿದ್ದಾನೆ. ಶೀರ್ಷಿಕೆ ‘ಅನ್ನದಾತನ ಅಳಲು’.

ನನ್ನಪ್ಪ ಒಬ್ಬ ರೈತ, ನಾಡಿನ ಅನ್ನದಾತ
ಮಣ್ಣನ್ನೇ ನಂಬಿದ ಮುಗ್ಧ ಮನದಾತ
ಬೆವರೆಂಬ ಮುತ್ತನ್ನು ಹೊಲದಲ್ಲಿ ಬಿತ್ತಿದ
ಬದಲಿಗೆ ಬಾಳೆಲ್ಲ ಬವಣೆಯನೇ ಹೊತ್ತ

ಆರುನೂರು ಅಡಿ ಕೊರೆಸಿದ ಬೋರು
ಆಸೆಯೆಂಬ ಪಾತಾಳಕ್ಕೆ ಇಳಿದ ಬೇರು
ಮೊದಮೊದಲು ಉಕ್ಕಿತ್ತು ಗಂಗೆಯ ನೀರು
ನಮ್ಮ ಮನೆಯಲ್ಲಿ ನಗೆಯ ತೇರು

ಈಗ ಬೋರು ಬತ್ತಿದೆ, ಎರಡು ವರ್ಷವಾಯಿತು
ಬೋರಿನೊಂದಿಗೆ ಅಪ್ಪನ ಕನಸೂ ಬತ್ತಿಹೋಯಿತು
ಸಾಲವೆಂಬ ಹೆಬ್ಬಾವು ಮನೆಯ ಸುತ್ತಿತು
ಯಾರಿಗೆ ಹೇಳೋಣ, ಬಾಯಿ ಕಟ್ಟಿಹೋಯಿತು

ಇಂದಿಗೂ ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದಾಗ
ಅಪ್ಪ ಎದ್ದು ಕೂರುತ್ತಾನೆ ಮೌನವಾಗಿ
ಕೈ ತಡಕುತ್ತದೆ ತಲೆದಿಂಬಿನ ಬಳಿಯ ಬ್ಯಾಟರಿಯ
ಅಭ್ಯಾಸದ ಬಲವೋ, ಆಸೆಯ ಛಲವೋ ಅರಿಯೆ

ಹಾಳಾದ ಆಸೆ ಸಾಯುವುದಿಲ್ಲ ನೋಡಿ
ಕತ್ತಲಲ್ಲಿ ಕೂತ ಅಪ್ಪ ರೈತಕುಲದ ಸಂಕೇತ
ಓ ನಗರವಾಸಿಗಳೇ, ನಲ್ಲಿ ತಿರುಗಿಸುವ ಮುನ್ನ
ಒಮ್ಮೆ ನೆನೆಯಿರಿ ಈ ಅನ್ನದಾತನನ್ನ

ಕಾಲ ಬದಲಾಗಬಹುದು, ಮಳೆ ಬರಬಹುದು
ಮತ್ತೆ ಹೊಲ ಹಸಿರಾಗಿ ನಗಬಹುದು
ಆದರೆ ಅಪ್ಪ ಕಳೆದ ಆ ರಾತ್ರಿಗಳ ಲೆಕ್ಕ
ಯಾವ ಸರ್ಕಾರವೂ ಕೊಡಲಾಗದು ಪಕ್ಕಾ

ಒಟ್ಟು 24 ಸಾಲು. ಓದಿದವರಿಗೆ ಎಲ್ಲಿ ತಟ್ಟುತ್ತೆ ಅಂತ ನಾನು ಹೇಳಬೇಕಾಗಿಲ್ಲ. ನಾಲ್ಕನೇ ಚರಣದಲ್ಲಿ, ಕೈ ಬ್ಯಾಟರಿ ತಡಕುವ ಜಾಗದಲ್ಲಿ. ಹಳ್ಳಿಯಲ್ಲಿ ಬೆಳೆದವರಿಗೆ ಇದರ ಹಿಂದಿನದೆಲ್ಲ ಗೊತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬೇಕು, ಅದು ಎಷ್ಟೋ ಊರುಗಳಲ್ಲಿ ಬರೋದು ಪಾಳಿಯ ಮೇಲೆ, ರಾತ್ರಿ ಪಾಳಿ ಬಂದರೆ ರಾತ್ರಿಯೇ ಎದ್ದು ಹೋಗಿ ಮೋಟರು ಹಾಕಬೇಕು. ಬದುವಿನ ಮೇಲೆ ಹಾವು ಹುಪ್ಪಟೆ ಇರುತ್ತವೆ, ಅದಕ್ಕೆ ಕೈಯಲ್ಲಿ ಬ್ಯಾಟರಿ. ವರ್ಷಗಟ್ಟಲೆ ಹೀಗೆ ಎದ್ದ ಮನುಷ್ಯ ನೀರು ಬತ್ತಿದ ಮೇಲೂ ಏಳುತ್ತಿದ್ದಾನೆ. ಪದ್ಯದಲ್ಲಿರುವ ವಿಷಯ ಇಷ್ಟೇ, ಮತ್ತು ಇದು ದೊಡ್ಡ ವಿಷಯ. ಉಳಿದದ್ದು ಏನು ಮಾಡುತ್ತಿದೆ ಅನ್ನೋದು ಪ್ರಶ್ನೆ.

ನಾನು ಮಾಡೋ ಪರೀಕ್ಷೆ ಬಹಳ ಸರಳ. ಒಂದು ಸಾಲಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ ಮಿಕ್ಕಿದ್ದನ್ನು ಓದೋದು. ಮುಚ್ಚಿದಾಗ ಒಂದು ವಸ್ತು, ಒಂದು ಸದ್ದು, ಒಂದು ಹೊತ್ತು ಅಥವಾ ಒಂದು ಸಂಗತಿ ಕಾಣೆಯಾದರೆ ಆ ಸಾಲಿಗೆ ಕೆಲಸ ಇದೆ. ಬರೀ ಒಂದು ಅಭಿಪ್ರಾಯವೋ ಭಾವನೆಯ ಹೆಸರೋ ಕಾಣೆಯಾದರೆ ಅದು ವಿವರಣೆಯ ಸಾಲು. ಈ ಪದ್ಯಕ್ಕೆ ಹೆಬ್ಬೆರಳು ಇಡುತ್ತಾ ಹೋದರೆ ಮೊದಲ ಚರಣ ಪೂರ್ತಿ ಮಾಯವಾದರೂ ಏನೂ ಆಗೋದಿಲ್ಲ. ‘ಅನ್ನದಾತ’ ಅನ್ನೋದು ಅಪ್ಪನ ಮುಖಕ್ಕೆ ಅಂಟಿಸಿದ ಚೀಟಿ. ಆ ಪದವನ್ನು ಕೀಟನಾಶಕದ ಜಾಹೀರಾತಿನಲ್ಲೂ ನೋಡಿರುತ್ತೇವೆ, ಚುನಾವಣೆ ಭಾಷಣದಲ್ಲೂ ಕೇಳಿರುತ್ತೇವೆ. ಅದು ಬಂದ ಕೂಡಲೇ ಓದುವವನು ಈ ಅಪ್ಪನನ್ನು ಬಿಟ್ಟು ಆ ಪೋಸ್ಟರಿನ ಅಪ್ಪನನ್ನು ನೋಡತೊಡಗುತ್ತಾನೆ. ‘ಮನದಾತ’ ಅಂತೂ ಪ್ರಾಸಕ್ಕೆ ಹುಟ್ಟಿದ ಕೂಸು. ‘ನಗೆಯ ತೇರು’, ‘ಪಕ್ಕಾ’ ಕೂಡ ಹಾಗೇ. ಪ್ರಾಸ ಕೇಳಿತು ಅಂತ ಕೊಟ್ಟದ್ದು.

ಕನ್ನಡದಲ್ಲಿ ವಿವರಣೆಗೆ ಒಂದು ವಿಶೇಷ ಹತಾರ ಇದೆ, ‘ಎಂಬ’. ಈ ಪದ್ಯದಲ್ಲೇ ಮೂರು ಸಲ ಬಂದಿದೆ ನೋಡಿ: ಬೆವರೆಂಬ ಮುತ್ತು, ಆಸೆಯೆಂಬ ಪಾತಾಳ, ಸಾಲವೆಂಬ ಹೆಬ್ಬಾವು. ರೂಪಕ ಅಂದರೆ ಓದುಗ ಎರಡು ವಸ್ತುಗಳ ನಡುವೆ ತಾನೇ ದಾಟಬೇಕಾದ ಕಾಲುವೆ. ‘ಎಂಬ’ ಅದರ ಮೇಲೆ ಹಲಗೆ ಹಾಕಿ, ಕೈ ಹಿಡಿದು ದಾಟಿಸಿ, ಆ ಕಡೆ ನಿಂತು ‘ದಾಟಿದ್ರಲ್ಲಾ?’ ಅಂತ ಬೇರೆ ಕೇಳುತ್ತೆ. ಉತ್ತರ ಕೆಳಗೆ ಬರೆದೇ ಕೊಟ್ಟ ಒಗಟು. ಎಲ್ಲ ‘ಎಂಬ’ವೂ ಕೆಟ್ಟದ್ದು ಅಂತಲ್ಲ, ಹಳಬರು ಇದನ್ನೇ ಸೊಗಸಾಗಿ ಹೂಡಿದ್ದಾರೆ. ಆದರೆ ಇಂದಿನ ಹತ್ತು ಪದ್ಯದಲ್ಲಿ ‘ಎಂಬ’ ಕಂಡ ಕಡೆ ಗೆರೆ ಎಳೆದು ನೋಡಿ. ಬಹುಪಾಲು ಕಡೆ ಎಡಗಡೆ ಒಂದು ಭಾವನಾಮ ಇರುತ್ತೆ, ಬಲಗಡೆ ಕವಿ ಎಂದೂ ಹತ್ತಿರದಿಂದ ನೋಡಿರದ ಒಂದು ವಸ್ತು ಇರುತ್ತೆ. ನನ್ನ ಗೆಳೆಯ ಹೆಬ್ಬಾವನ್ನು ನೋಡಿಲ್ಲ. ಅಪ್ಪನ ತಲೆದಿಂಬನ್ನು ನೋಡಿದ್ದಾನೆ.

ಹೆಬ್ಬಾವಿನ ಸಾಲಿಗೆ ಬಂದಾಗ ಅವನು ಸಿಟ್ಟಾದ. ‘ಸಾಲದ ಸುದ್ದೀನೇ ತೆಗೆದುಬಿಟ್ರೆ ಅಪ್ಪನಿಗೆ ಮೋಸ ಮಾಡ್ದಂಗೆ ಕಣೋ. ಮನೇಲಿ ನಾವು ಪಟ್ಟಿದ್ದು ಅದೇ’ ಅಂದ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಪದ್ಯ ಚಿಕ್ಕದು ಮಾಡೋದು ಅಂದರೆ ಕಷ್ಟವನ್ನು ಚಿಕ್ಕದು ಮಾಡಿದ ಹಾಗೆ ಅಂತ ಬರೆದವನಿಗೆ ಅನ್ನಿಸಿಯೇ ಅನ್ನಿಸುತ್ತೆ. ಅದರಲ್ಲೂ ಕಷ್ಟ ಅವನ ಮನೆಯದೇ ಆಗಿದ್ದಾಗ. ಆದರೆ ನಾನು ಕೇಳಿದ್ದು ಇಷ್ಟು: ಹೆಬ್ಬಾವು ಅಂದಾಗ ಸಾಲ ಕಾಣುತ್ತಾ? ಎಷ್ಟು ಸಾಲ, ಸೊಸೈಟಿಯದೋ ಕೈಸಾಲವೋ, ಯಾವ ಒಡವೆ ಅಡವಿಟ್ಟಿದ್ದು, ಕೇಳೋಕೆ ಬಂದವರು ಜಗಲಿ ಮೇಲೆ ಕೂತರಾ, ಅಂಗಳದಲ್ಲೇ ನಿಂತರಾ? ಒಂದೂ ಇಲ್ಲ. ಸಾಲವನ್ನು ಹೇಳಲು ಹೋಗಿ ಸಾಲವನ್ನೇ ಬಚ್ಚಿಟ್ಟಿದ್ದಾನೆ. ಅಡವಿಟ್ಟ ಒಡವೆಯ ಬಗ್ಗೆ ಬರೆದರೆ ಅದು ಬೇರೆ ಪದ್ಯ, ಬರೆಯಲೇಬೇಕಾದ ಪದ್ಯ. ಇಲ್ಲಿ ಅದು ಬರೀ ಹಾವು. ಅವನು ಒಪ್ಪಲಿಲ್ಲ, ಆದರೆ ಸಾಲು ತೆಗೆದ.

ಈ ವಿಷಯದಲ್ಲಿ ನಮ್ಮ ಹಳೆಯ ಮೀಮಾಂಸಕರು ಎಷ್ಟು ಕಟ್ಟುನಿಟ್ಟು ಅನ್ನೋದು ನನಗೆ ತಿಳಿದದ್ದು ತೀನಂಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದಾಗ. ಇಂಜಿನಿಯರಿಂಗ್ ಓದಿದವನಿಗೆ ಆ ಪುಸ್ತಕ ಸಲೀಸಲ್ಲ, ಆದರೆ ಹಿಡಿದರೆ ಬಿಡೋದಿಲ್ಲ. ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ಹೇಳೋದು ಸ್ಥೂಲವಾಗಿ ಹೀಗೆ: ‘ಶೃಂಗಾರ’ ಅಂತ ಹೆಸರು ಹೇಳಿದ ಮಾತ್ರಕ್ಕೆ ಶೃಂಗಾರ ಹುಟ್ಟೋದಿಲ್ಲ, ‘ಕರುಣ’ ಅಂದ ಮಾತ್ರಕ್ಕೆ ಯಾರ ಎದೆಯೂ ಕರಗೋದಿಲ್ಲ. ಅದನ್ನು ಹುಟ್ಟಿಸುವ ಸನ್ನಿವೇಶ, ಅದರ ಹೊರಗುರುತುಗಳು, ಅಂದರೆ ವಿಭಾವ, ಅನುಭಾವಗಳು ಇದ್ದರೆ ಹೆಸರಿಲ್ಲದೆಯೂ ರಸ ಬರುತ್ತೆ. ಅವು ಇಲ್ಲದೆ ಬರೀ ಹೆಸರಿದ್ದರೆ ಬರೋದಿಲ್ಲ. ಆಮೇಲೆ ಬಂದ ಮಮ್ಮಟ ಇದನ್ನು ದೋಷಗಳ ಪಟ್ಟಿಗೇ ಸೇರಿಸಿದ. ರಸವನ್ನೋ ಭಾವವನ್ನೋ ಅದರದೇ ಹೆಸರಿನಿಂದ ಕರೆಯೋದು ಒಂದು ದೋಷ. ಈ ಲೆಕ್ಕದಲ್ಲಿ ತಡಕುವ ಕೈ ಅನುಭಾವ. ‘ಆಸೆ’, ‘ಬವಣೆ’, ‘ಅಳಲು’ ಬರೀ ಹೆಸರು. ಸಾವಿರ ವರ್ಷದ ಹಿಂದೆಯೇ ನಮ್ಮವರು ಕೆಂಪು ಶಾಯಿ ಹಿಡಿದು ಕೂತಿದ್ದರು ಅಂತಾಯ್ತು.

ಸರಿ, ಹಾಗಾದರೆ ನೇರವಾಗಿ ಹೇಳುವ ಸಾಲುಗಳನ್ನೆಲ್ಲ ಕಿತ್ತು ಬಿಸಾಡೋಣವೇ? ತಿದ್ದಲು ಹೊರಟ ಬಹಳ ಜನ ಎಡವೋದು ಇಲ್ಲೇ. ‘ಈಗ ಬೋರು ಬತ್ತಿದೆ, ಎರಡು ವರ್ಷವಾಯಿತು’ ಅನ್ನೋದು ಒಣ ಸಾಲು. ಅಲಂಕಾರ ಇಲ್ಲ, ಚಿತ್ರ ಇಲ್ಲ, ಪಂಚಾಯ್ತಿಯವರು ಬರೆದುಕೊಂಡ ಹಾಗಿದೆ. ಆದರೆ ಇದನ್ನು ಮುಚ್ಚಿದರೆ ಇಡೀ ಪದ್ಯ ಕುಸಿದುಬೀಳುತ್ತೆ. ನೀರು ಇರುವ ಮನೆಯಲ್ಲಿ ಅಪ್ಪ ಎದ್ದು ಬ್ಯಾಟರಿ ತಡಕಿದರೆ ಅದು ದಿನದ ಕೆಲಸ, ಅದರಲ್ಲಿ ಪದ್ಯ ಇಲ್ಲ. ಆ ಒಣ ಸಾಲು ಕೊಡುತ್ತಿರೋದು ಮಾಹಿತಿ. ‘ಬೋರಿನೊಂದಿಗೆ ಅಪ್ಪನ ಕನಸೂ ಬತ್ತಿಹೋಯಿತು’ ಅನ್ನೋದು ವಿವರಣೆ. ಎರಡೂ ಅಕ್ಕಪಕ್ಕ ಕೂತಿವೆ, ಮೇಲುನೋಟಕ್ಕೆ ಎರಡನೆಯದೇ ಹೆಚ್ಚು ‘ಕಾವ್ಯ’ ಅನ್ನಿಸುತ್ತೆ. ಉಳಿಯಬೇಕಾದದ್ದು ಮೊದಲನೆಯದು. ನಮ್ಮ ಕೋಡಿನಲ್ಲೂ ಹೀಗೇ. ಎರಡನೇ ತರಗತಿ ಹುಡುಗನಿಗೆ ಹೇಳುವ ಹಾಗೆ ‘ಇಲ್ಲಿ ಒಂದು ಕೂಡಿಸಿದೆ’ ಅನ್ನುವ ಕಾಮೆಂಟು ಅಳಿಸಿದರೆ ನಷ್ಟವಿಲ್ಲ. ‘ಈ ಮೆಷಿನ್ನು ಸೊನ್ನೆಯ ಬದಲು ಒಂದರಿಂದ ಎಣಿಸುತ್ತೆ, ಅದಕ್ಕೆ ಕೂಡಿಸಿದೆ’ ಅನ್ನುವ ಕಾಮೆಂಟನ್ನು ಅಳಿಸಿದರೆ ಮುಂದಿನ ವರ್ಷ ಯಾರೋ ಬಂದು ಆ ಸಾಲನ್ನೇ ಕೆಡಿಸುತ್ತಾರೆ.

ಹೀಗೆ ಜರಡಿ ಹಿಡಿದರೆ 24ರಲ್ಲಿ ಐದು ಉಳಿಯುತ್ತವೆ. ಆರುನೂರು ಅಡಿ, ಬತ್ತಿದ ಬೋರು, ರಾತ್ರಿ ಎರಡಕ್ಕೆ ತ್ರೀ ಫೇಸು, ಎದ್ದು ಕೂರುವ ಅಪ್ಪ, ತಡಕುವ ಕೈ. ನಿಜವಾದ ಕೆಲಸ ಶುರುವಾಗೋದು ಈಗ. ಇಲ್ಲಿಂದ ಮುಂದೆ ಕೆಟ್ಟ ಸಾಲನ್ನಲ್ಲ, ಒಳ್ಳೆಯ ಸಾಲನ್ನು ಬಿಡಬೇಕು.

ಆರುನೂರು ಅಡಿ ಒಳ್ಳೆಯ ಸಾಲು. ಅಂಕಿ ಇದೆ, ಆಳ ಇದೆ, ಅಡಿಗೆ ಇಷ್ಟು ಅಂತ ಕೊಟ್ಟ ದುಡ್ಡಿನ ನೆನಪಿದೆ. ಆದರೆ ಅದು ಓದುಗನ ಕಣ್ಣನ್ನು ಭೂಮಿಯ ಒಳಗೆ ಕರೆದುಕೊಂಡು ಹೋಗುತ್ತೆ. ತಡಕುವ ಕೈ ಮನೆಯ ಒಳಗೆ ಎಳೆಯುತ್ತೆ. ಎರಡು ಚಿತ್ರ ಒಂದೇ ಚಿಕ್ಕ ಪದ್ಯದಲ್ಲಿ ಎರಡು ದಿಕ್ಕಿಗೆ ಎಳೆದರೆ ಎರಡೂ ಸಡಿಲವಾಗುತ್ತವೆ. ಅದನ್ನು ಬಿಟ್ಟೆವು.

ಇನ್ನು ‘ಅಪ್ಪ ಎದ್ದು ಕೂರುತ್ತಾನೆ ಮೌನವಾಗಿ’. ‘ಮೌನವಾಗಿ’ ಮೊದಲೇ ಹೋಯಿತು. ರಾತ್ರಿ ಎರಡಕ್ಕೆ ಒಬ್ಬನೇ ಎದ್ದವನು ಇನ್ನೇನು ಭಾಷಣ ಮಾಡ್ತಾನಾ? ಆದರೆ ‘ಎದ್ದು ಕೂರುತ್ತಾನೆ’ ಕೂಡ ಬೇಡ ಅಂತ ನನಗೆ ಅನ್ನಿಸಿದ್ದಕ್ಕೆ ಬೇರೆ ಕಾರಣ ಇದೆ. ಎದ್ದು ಕೂತವನಿಗೆ ಎಚ್ಚರ ಇದೆ. ಎಚ್ಚರ ಇದ್ದವನಿಗೆ ಬೋರು ಬತ್ತಿದ್ದು ನೆನಪಿದೆ. ಆಮೇಲೂ ಕೈ ಬ್ಯಾಟರಿ ತಡಕಿದರೆ ಅದು ಸ್ವಲ್ಪ ನಾಟಕ ಆಯ್ತು. ಅದೇ ಎದ್ದು ಕೂರೋದನ್ನು ತೆಗೆದುಬಿಟ್ಟರೆ ಕೈ ಮನುಷ್ಯನಿಗಿಂತ ಮುಂಚೆ ಎದ್ದಿದೆ. ಅಪ್ಪ ಇನ್ನೂ ನಿದ್ದೆಯಲ್ಲಿದ್ದಾನೆ, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಗೆಳೆಯ ‘ಅಭ್ಯಾಸದ ಬಲವೋ, ಆಸೆಯ ಛಲವೋ ಅರಿಯೆ’ ಅಂತ ಬರೆದಿದ್ದನಲ್ಲ, ಆ ಪ್ರಶ್ನೆ ಪೂರ್ತಿಯಾಗಿ ಈ ಒಂದು ವ್ಯಾಕರಣದಲ್ಲೇ ಬಂದುಬಿಟ್ಟಿತು: ವಾಕ್ಯದ ಕರ್ತೃ ಅಪ್ಪ ಅಲ್ಲ, ಕೈ. ಇದನ್ನು ಅವನೇ ಮಾಡಿದ್ದ, ‘ಕೈ ತಡಕುತ್ತದೆ’ ಅಂತಲೇ ಬರೆದಿದ್ದ. ಮಾಡಿದ ಮೇಲೆ ತನ್ನ ಮೇಲೇ ನಂಬಿಕೆ ಸಾಲದೆ ಕೆಳಗೊಂದು ಅರ್ಥಕೋಶ ಇಟ್ಟಿದ್ದ.

ಈ ಥರದ ಸಾಲೇ ಎಲ್ಲಕ್ಕಿಂತ ಅಪಾಯದ್ದು. ‘ಅನ್ನದಾತ’ ಯಾರ ಕಣ್ಣಿಗಾದರೂ ಬೀಳುತ್ತೆ. ಒಳ್ಳೆಯ ಚಿತ್ರದ ಬೆನ್ನಿಗೇ ಬರುವ, ನಯವಾದ, ‘ಅದೋ ಇದೋ’ ಅಂತ ಅನುಮಾನದ ವೇಷ ಹಾಕಿದ ವಿವರಣೆ ಕಣ್ಣಿಗೆ ಬೀಳೋದಿಲ್ಲ. ಕವಿ ತನಗೆ ಗೊತ್ತಿಲ್ಲ ಅನ್ನುತ್ತಿದ್ದಾನೆ, ಎಷ್ಟು ವಿನಯ ಅನ್ನಿಸುತ್ತೆ. ಆದರೆ ಅದು ಓದುಗನಿಗೆ ಎರಡೇ ಆಯ್ಕೆ ಕೊಟ್ಟು ಬಾಗಿಲು ಹಾಕುತ್ತೆ. ಅಭ್ಯಾಸವೂ ಅಲ್ಲದ ಆಸೆಯೂ ಅಲ್ಲದ ಮೂರನೆಯದು ಇರಬಹುದಲ್ವಾ? ಬರೀ ಭಯ ಇರಬಹುದು, ಪಾಳಿ ತಪ್ಪೀತು ಅನ್ನುವ ಮೂವತ್ತು ವರ್ಷದ ಭಯ.

ಉಳಿದದ್ದು ರಾತ್ರಿ ಎರಡಕ್ಕೆ ತ್ರೀ ಫೇಸು. ಇಲ್ಲಿ ನನಗೊಂದು ಅನುಮಾನ ಬಂತು. ಮಲಗಿದ್ದವನಿಗೆ ತ್ರೀ ಫೇಸ್ ಬಂದದ್ದು ಗೊತ್ತಾಗೋದು ಹೇಗೆ? ಕೇಳಿದೆ. ‘ಪಕ್ಕದ ತೋಟದವರ ಮೋಟರು ಶುರುವಾಗುತ್ತಲ್ಲ, ಅವರು ಆಟೋ ಸ್ಟಾರ್ಟರ್ ಹಾಕ್ಸಿದಾರೆ’ ಅಂದ, ಏನೂ ಅಲ್ಲ ಅನ್ನೋ ಹಾಗೆ. ಇಪ್ಪತ್ತನಾಲ್ಕು ಸಾಲಿನಲ್ಲಿ ಎಲ್ಲೂ ಇಲ್ಲದ ಸದ್ದು! ಪಕ್ಕದವರ ಬೋರಿನಲ್ಲಿ ನೀರಿದೆ. ಪದ್ಯದಲ್ಲಿ ಹೆಬ್ಬಾವಿಗೆ ಜಾಗ ಸಿಕ್ಕಿತ್ತು, ಗಂಗೆಗೆ ಸಿಕ್ಕಿತ್ತು, ಸರ್ಕಾರಕ್ಕೆ ಸಿಕ್ಕಿತ್ತು, ಈ ಮೋಟರಿಗೆ ಸಿಕ್ಕಿರಲಿಲ್ಲ. ವಿವರಣೆ ಮಾಡೋ ಮುಖ್ಯ ಹಾನಿ ಇದೇ ಅಂತ ನನ್ನ ಅಭಿಪ್ರಾಯ. ಉದ್ದ ಆಗೋದು ಸಣ್ಣ ತೊಂದರೆ. ಬರೆಯುವವನಿಗೆ ಹೇಳಿ ಮುಗಿಸಿದೆ ಅನ್ನುವ ತೃಪ್ತಿ ಕೊಟ್ಟು, ಇನ್ನೂ ನೋಡಬೇಕಾದದ್ದನ್ನು ನೋಡದ ಹಾಗೆ ಮಾಡಿಬಿಡುತ್ತೆ.

ಮೋಟರು ಒಳಗೆ ಬಂದರೆ ತ್ರೀ ಫೇಸು, ರಾತ್ರಿ ಎರಡು ಇವೆಲ್ಲ ಸಾಲಿನಲ್ಲಿ ಇರಬೇಕಾಗಿಲ್ಲ, ಶೀರ್ಷಿಕೆಗೆ ಹೋಗಬಹುದು. ಶೀರ್ಷಿಕೆಗೆ ಇಂಥ ಕೆಲಸ ಕೊಡಬಹುದು ಅಂತ ನಾನು ಕಲಿತದ್ದು ಎಜ್ರಾ ಪೌಂಡ್‌ನ ‘ಇನ್ ಎ ಸ್ಟೇಷನ್ ಆಫ್ ದ ಮೆಟ್ರೋ’ದಿಂದ. ಅದರ ಕತೆಯನ್ನು ಅವನೇ 1914ರ ಒಂದು ಲೇಖನದಲ್ಲಿ ಹೇಳಿಕೊಂಡಿದ್ದಾನೆ. ಪ್ಯಾರಿಸ್ಸಿನ ಲಾ ಕಾಂಕಾರ್ಡ್ ನಿಲ್ದಾಣದಲ್ಲಿ ರೈಲಿಳಿದಾಗ ಒಂದರ ಹಿಂದೆ ಒಂದು ಸುಂದರ ಮುಖ ಕಂಡವಂತೆ. ಮೊದಲು 30 ಸಾಲು ಬರೆದು ಹರಿದುಹಾಕಿದ. ಆರು ತಿಂಗಳ ಮೇಲೆ ಅದರ ಅರ್ಧದಷ್ಟು ಉದ್ದದ್ದೊಂದು ಬರೆದ. ಅದಾಗಿ ಒಂದು ವರ್ಷಕ್ಕೆ ಜಪಾನಿನ ಹಾಯ್ಕು ಥರದ ಎರಡು ಸಾಲು ಉಳಿಯಿತು, 1913ರಲ್ಲಿ ಪ್ರಕಟವಾಯಿತು. ಒಂದು ಸಾಲಿನಲ್ಲಿ ಗುಂಪಿನ ಮುಖಗಳು, ಇನ್ನೊಂದರಲ್ಲಿ ಕೊಂಬೆಯ ಮೇಲಿನ ಹೂವಿನ ದಳ. ಮೆಟ್ರೋ ಅನ್ನುವ ಮಾತು ಪದ್ಯದ ಮೈಯಲ್ಲಿ ಇಲ್ಲವೇ ಇಲ್ಲ, ಇರೋದು ಶೀರ್ಷಿಕೆಯಲ್ಲಿ. ‘ಹಾಗೆ’, ‘ಅಂತೆ’ ಅನ್ನುವ ಗಂಟೂ ಇಲ್ಲ. ಎಲಿಯಟ್, ಪೌಂಡ್‌ರನ್ನು ಓದಿಕೊಂಡ ನಮ್ಮ ನವ್ಯರಿಗೆ ಇದು ಹೊಸ ಸುದ್ದಿ ಏನಲ್ಲ. ಆದರೆ ಒಂದೂವರೆ ವರ್ಷ ಹಿಡಿಯಿತು ಅನ್ನೋದನ್ನು ನಾವು ಮರೆಯುತ್ತೇವೆ. ‘ಅನ್ನದಾತನ ಅಳಲು’ ಅನ್ನುವ ಶೀರ್ಷಿಕೆ ಪದ್ಯ ಶುರುವಾಗೋಕೆ ಮುಂಚೆಯೇ ತೀರ್ಪು ಓದುತ್ತೆ. ಅದರ ಜಾಗಕ್ಕೆ ಒಂದು ಗಡಿಯಾರ ಮತ್ತು ಒಂದು ಕರೆಂಟು ಬಂದರೆ ಸಾಕು.

ಆದದ್ದು ಹೀಗೆ:

ರಾತ್ರಿ ಎರಡಕ್ಕೆ ತ್ರೀ ಫೇಸ್

ಬೋರು ಬತ್ತಿ ಎರಡು ವರ್ಷ.
ಪಕ್ಕದ ತೋಟದ ಮೋಟರು ಶುರುವಾದರೆ
ಅಪ್ಪನ ಕೈ
ತಲೆದಿಂಬಿನ ಬಳಿ ಬ್ಯಾಟರಿ ತಡಕುತ್ತದೆ.

ಸಾಲುಗಳ ಕ್ರಮದ ಬಗ್ಗೆ ನಮಗೆ ಜಗಳವಾಯಿತು. ಗೆಳೆಯ ಮೊದಲು ಬೋರಿನ ಸಾಲನ್ನು ಕೊನೆಗೆ ಇಟ್ಟಿದ್ದ. ಮೋಟರು, ಕೈ, ಬ್ಯಾಟರಿ, ಆಮೇಲೆ ‘ಬೋರು ಬತ್ತಿ ಎರಡು ವರ್ಷ’. ಓದಿದರೆ ಜೋರಾಗಿ ಹೊಡೆಯುತ್ತೆ, ನಿಜ. ವೇದಿಕೆ ಮೇಲೆ ಚಪ್ಪಾಳೆ ಗ್ಯಾರಂಟಿ. ಆದರೆ ಅದು ಚುಟುಕದ ತಿರುವು. ದಿನಕರ ದೇಸಾಯಿಯವರ ಥರದವರು ಅದನ್ನು ಕೊಂಕಿಗೆ, ನಗೆಗೆ ಚೆನ್ನಾಗಿ ದುಡಿಸಿಕೊಂಡರು, ಅಲ್ಲಿ ಕೊನೆಯ ಸಾಲೇ ಗುರಿ. ಇಲ್ಲಿ ಕೊನೆಯಲ್ಲಿ ಬೋರು ಬಂದರೆ ಓದುಗ ‘ಓ ಹಾಗಾ’ ಅಂದು ಎದ್ದುಹೋಗುತ್ತಾನೆ, ಕೈ ಬರೀ ಸುಳಿವು ಆಗಿಬಿಡುತ್ತೆ. ಮೊದಲೇ ಗೊತ್ತಿದ್ದರೆ ಅವನು ಆ ಕೈಯನ್ನು ನೋಡುತ್ತಾ ಕೂರಬೇಕಾಗುತ್ತೆ. ಏನೂ ಮಾಡಲಾಗದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದು ಇಲ್ಲಿ ಸಹಾಯಕ್ಕೆ ಬಂತು. ಪದ್ಯ ಮುಗಿದರೂ ಕೈ ತಡಕುತ್ತಲೇ ಇದೆ.

ಮೊಟಕು ಮಾಡುವ ರುಚಿ ಹತ್ತಿದರೆ ಇನ್ನೊಂದು ರೋಗ ಬರುತ್ತೆ. ಒಂದು ವಾರ ಬಿಟ್ಟು ಅವನು ಇನ್ನೂ ಚಿಕ್ಕದು ಮಾಡಿ ತೋರಿಸಿದ: ‘ಬತ್ತಿದ ಬೋರು / ತಡಕುವ ಕೈ’. ಎರಡು ಸಾಲು, ನಾಲ್ಕು ಪದ. ನೋಡೋಕೆ ಬಲು ಗಂಭೀರ. ಆದರೆ ರಾತ್ರಿ ಹೋಯಿತು, ತಲೆದಿಂಬು ಹೋಯಿತು, ಪಕ್ಕದ ತೋಟ ಹೋಯಿತು. ಯಾರ ಕೈ, ಏನು ತಡಕುತ್ತಿದೆ ಗೊತ್ತಿಲ್ಲ. ಕೈ ಕೊಡದ ಹೋಲಿಕೆಯನ್ನು ಓದುಗನೇ ಊಹಿಸಬೇಕು, ಊಹಿಸಿದರೆ ಮತ್ತೆ ಬರೋದು ‘ರೈತನ ಹತಾಶೆ’ ಅನ್ನುವ ಅದೇ ಹಳೆಯ ಚೀಟಿ. ವಿವರಣೆ ತೆಗೆಯಲು ಹೋಗಿ ಸಂಗತಿಯನ್ನೇ ತೆಗೆದರೆ ವಿವರಣೆ ಹಿಂಬಾಗಿಲಿನಿಂದ ವಾಪಸ್ ಬರುತ್ತೆ. ಹೆಬ್ಬೆರಳು ಇಟ್ಟಾಗ ವಸ್ತುವೊಂದು ಕಾಣೆಯಾಯಿತೋ, ಅಲ್ಲಿಗೆ ನಿಲ್ಲಿಸಬೇಕು.

ನಾಲ್ಕು ಸಾಲಿನದನ್ನು ಆಫೀಸಿನಲ್ಲಿ ನನ್ನ ಪಕ್ಕ ಕೂರುವ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಒಬ್ಬರಿಗೆ ಓದಿ ಹೇಳಿದೆ. ಊರಿನ ಹೊರಗಿನವರಿಗೆ ದಾಟುತ್ತಾ ಅಂತ ನೋಡಬೇಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ, ಪಕ್ಕದವರಿಗೆ ಇನ್ನೂ ನೀರಿದೆ ಅಲ್ವಾ’ ಅಂದರು. ಆಮೇಲೆ ಕೇಳಿದರು, ‘ಬ್ಯಾಟರಿ ಯಾಕೆ, ಇನ್ವರ್ಟರ್‌ಗಾ?’ ಅಂತ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅನ್ನೋದು ಅವರಿಗೆ ಗೊತ್ತಿಲ್ಲ. ನೋಡಿ, ಇದು ಮಾಹಿತಿಯ ತೊಂದರೆ, ಅರ್ಥದ ತೊಂದರೆ ಅಲ್ಲ. ಮುಖ್ಯವಾದದ್ದು ಒಂದು ಮಾತು ಹೇಳದೆಯೂ ದಾಟಿತು, ನಿಂತದ್ದು ಒಂದು ಪದದಲ್ಲಿ. ‘ಟಾರ್ಚು’ ಅಂತ ಹಾಕಿದರೆ ಮುಗಿಯಿತು. ಗೆಳೆಯ ಹಾಕಲಿಲ್ಲ. ‘ಅಪ್ಪ ಟಾರ್ಚು ಅನ್ನಲ್ಲ’ ಅಂದ. ಅಲ್ಲಿ ನಾನು ಅವನ ಕಡೆಗೇ ಇದ್ದೇನೆ.

ಎಲ್ಲ ಪದ್ಯಕ್ಕೂ ಈ ಕತ್ತರಿ ಹಿಡಿಯಬಾರದು. ಹಾಡಿಗೆ ಪಲ್ಲವಿ ಬೇಕು, ಒಂದೇ ಮಾತು ತಿರುಗಿ ತಿರುಗಿ ಬರಬೇಕು, ಕಿವಿಗೆ ಕಣ್ಣಿನಷ್ಟು ಬಿಡುವಿಲ್ಲ. ಬಂಡಾಯದ ದಿನಗಳಲ್ಲಿ ಬೀದಿಯಲ್ಲಿ ನಿಂತು ಹೇಳಿದ ಪದ್ಯಗಳು ಬೇಕೆಂತಲೇ ನೇರವಾಗಿದ್ದವು. ಎದುರಿಗಿರುವ ನೂರಾರು ಜನಕ್ಕೆ ಒಂದೇ ಸಲಕ್ಕೆ ಮುಟ್ಟಬೇಕಿತ್ತು, ಕೂಗಿ ಕರೆಯೋದೇ ಅವುಗಳ ಕೆಲಸವಾಗಿತ್ತು. ‘ಓ ನಗರವಾಸಿಗಳೇ’ ಅನ್ನುವ ಸಾಲು ಮೆರವಣಿಗೆಯಲ್ಲಿ ಬಂದಿದ್ದರೆ ನಾನು ಅದರ ತಂಟೆಗೆ ಹೋಗುತ್ತಿರಲಿಲ್ಲ. ಮೆರವಣಿಗೆಯ ಪದ್ಯವನ್ನೂ ಮಲಗುವ ಕೋಣೆಯ ಪದ್ಯವನ್ನೂ ಒಂದೇ ಹಾಳೆಯಲ್ಲಿ ಹೊಲಿದದ್ದು ಗೆಳೆಯನ ಮೊದಲ ಬರಹದ ಕಷ್ಟ. ಅಪ್ಪ ಕತ್ತಲಲ್ಲಿ ಕೈ ಚಾಚಿದ್ದಾನೆ, ಮಗ ಅದೇ ಹೊತ್ತಿಗೆ ಮೈಕು ಹಿಡಿದಿದ್ದಾನೆ.

ಬಿಟ್ಟ ಇಪ್ಪತ್ತು ಸಾಲಿನಲ್ಲಿ ಹತ್ತೊಂಬತ್ತನ್ನು ಅವನು ಹೊಡೆದುಹಾಕಿದ್ದಾನೆ. ‘ಆರುನೂರು ಅಡಿ ಕೊರೆಸಿದ ಬೋರು’ ಮಾತ್ರ ನೋಟ್‌ಬುಕ್ಕಿನ ಬೇರೆ ಹಾಳೆಯಲ್ಲಿ ಒಂಟಿಯಾಗಿ ಕೂತಿದೆ. ಅದರ ಕೆಳಗೆ ಈಚೆಗೆ ಇನ್ನೊಂದು ಸಾಲು ಸೇರಿಸಿದ್ದಾನೆ: ರಿಗ್ ಲಾರಿ ಹೋದ ಮೇಲೆ ಅಂಗಳದ ತುಳಸಿ, ಎಮ್ಮೆ, ಒಣಗಲು ಹಾಕಿದ್ದ ಅಮ್ಮನ ಸೀರೆ ಎಲ್ಲದರ ಮೇಲೂ ಬಿಳಿ ಕಲ್ಲುಪುಡಿ. ಅದಕ್ಕೆ ‘ಬೂದಿಯ ಹಾಗೆ’ ಅಂತ ಸೇರಿಸಲಾ ಅಂತ ಕೇಳಿದ್ದಾನೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.